ಆರ್ಡರ್ ನಾಲ್ಕು, ಜಮೆ ಒಂದು

ಶಿರಸಿಯ ಸುತ್ತಿನ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಕಾಳುಮೆಣಸು ಮಾರುವ ಮನೆ ಉದ್ಯಮವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಹಂಗಿಲ್ಲದೆ ತಮ್ಮದೇ ಸಣ್ಣ ವೆಬ್‌ಸೈಟ್ ಮಾಡಿಕೊಂಡಿದ್ದಾರೆ. ಹಣ ವಸೂಲಿಗೆ ಒಂದು ಪೇಮೆಂಟ್ ಗೇಟ್‌ವೇ ಜೋಡಿಸಿದ್ದಾರೆ. ಒಂದು ಗುರುವಾರ ನಾಲ್ಕು ಆರ್ಡರ್ ಬಂದವು: 1,250 ರೂಪಾಯಿಯದು ಒಂದು, 1,800ರದು ಒಂದು, 3,400ರದು ಒಂದು, 640ರದು ಒಂದು. ಒಟ್ಟು 7,090 ರೂಪಾಯಿ. ನಾಲ್ವರು ಗಿರಾಕಿಗಳ ಖಾತೆಯಿಂದಲೂ ಹಣ ಆ ಕ್ಷಣವೇ ಹೋಗಿದೆ. ಮಾರನೆಯ ದಿನ ಬೆಳಿಗ್ಗೆಯೇ ಭರಣಿಗಳನ್ನು ಪ್ಯಾಕ್ ಮಾಡಿ ಕೊರಿಯರ್‌ಗೆ ಕೊಟ್ಟದ್ದೂ ಆಯಿತು.

ಶುಕ್ರವಾರ ಬ್ಯಾಂಕಿಗೆ ಏನೂ ಬರಲಿಲ್ಲ. ಮುಂದಿನದು ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಮಧ್ಯಾಹ್ನ ಮೊಬೈಲಿಗೆ ಸಂದೇಶ ಬಂತು: 6,029 ರೂಪಾಯಿ 16 ಪೈಸೆ ಜಮೆ. ನಾಲ್ಕು ಆರ್ಡರ್‌ಗಳಲ್ಲಿ ಯಾವುದರ ಮೊತ್ತವೂ ಇದಲ್ಲ. ಎರಡು ಕೂಡಿಸಿದರೂ ಮೂರು ಕೂಡಿಸಿದರೂ ಈ ಅಂಕಿ ಬರುವುದಿಲ್ಲ. ನಾಲ್ಕನ್ನೂ ಕೂಡಿಸಿದರೆ 1,060 ರೂಪಾಯಿ 84 ಪೈಸೆ ಕಡಿಮೆ.

ಆನ್‌ಲೈನ್‌ನಲ್ಲಿ ಮಾರುವ ಸಣ್ಣವರಲ್ಲಿ ಅನೇಕರು ಇಲ್ಲಿಗೆ ಕೈಚೆಲ್ಲುತ್ತಾರೆ. ‘ಏನೋ ಕಮಿಷನ್ ಹಿಡ್ಕೊಂಡಿರ್ತಾರೆ’ ಎಂದುಕೊಂಡು, ಬಂದಷ್ಟನ್ನೇ ಮಾರಾಟ ಎಂದು ಬರೆದಿಟ್ಟು ಮುಂದೆ ಹೋಗುತ್ತಾರೆ. ಆದರೆ ಈ 1,060 ರೂಪಾಯಿ 84 ಪೈಸೆಯ ಪೈಸೆ ಪೈಸೆಗೂ ಕಾರಣ ಇದೆ, ಅದನ್ನು ಹುಡುಕಿ ತೆಗೆಯಬಹುದು. ಹೇಗೆಂದು ತಿಳಿಯಬೇಕಾದರೆ ಗುರುವಾರದಿಂದ ಸೋಮವಾರದವರೆಗೆ ಹಣ ಎಲ್ಲೆಲ್ಲಿ ಇತ್ತು ಎಂಬುದರಿಂದ ಆರಂಭಿಸಬೇಕು.

ಗಿರಾಕಿ ಕಾರ್ಡ್ ಸಂಖ್ಯೆ ಬರೆದು ಒಟಿಪಿ ಕೊಟ್ಟಾಗ ಹಣ ಮಾರುವವರ ಕಡೆ ಹೊರಟಿರುವುದಿಲ್ಲ. ಆಗ ನಡೆಯುವುದು ಒಪ್ಪಿಗೆ ಮಾತ್ರ. ಗೇಟ್‌ವೇ ತನ್ನ ಜೊತೆಗಿನ ಬ್ಯಾಂಕಿಗೆ ಕೇಳುತ್ತದೆ, ಆ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕನ್ನು ಕೇಳುತ್ತದೆ, ಆ ಬ್ಯಾಂಕು ‘ಇಷ್ಟು ಹಣ ಇದೆ, ಎತ್ತಿಟ್ಟಿದ್ದೇನೆ’ ಎಂದು ಉತ್ತರಿಸುತ್ತದೆ. ಇದು ಕೆಲವೇ ಸೆಕೆಂಡುಗಳ ಕೆಲಸ. ಇದಕ್ಕೆ ಆಥರೈಸೇಷನ್ ಎಂದು ಹೆಸರು. ‘ಸರಿ, ಆ ಹಣವನ್ನು ನಾನು ತೆಗೆದುಕೊಳ್ಳುತ್ತೇನೆ’ ಎಂದು ಮಾರುವವರ ಕಡೆಯಿಂದ ಹೋಗುವ ಮಾತು ಕ್ಯಾಪ್ಚರ್. ಬಹಳಷ್ಟು ವೆಬ್‌ಸೈಟುಗಳಲ್ಲಿ ಇದು ತಾನಾಗಿಯೇ ಆಗುವಂತೆ ಇಟ್ಟಿರುತ್ತಾರೆ, ಹಾಗಾಗಿ ಇಂಥದ್ದೊಂದು ಹೆಜ್ಜೆ ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ದಿನದ ಎಣಿಕೆ ಆರಂಭವಾಗುವುದು ಇಲ್ಲಿಂದ. ಕ್ಯಾಪ್ಚರ್ ಆಗದೆ ಉಳಿದ ಹಣ ಕೆಲವು ದಿನಗಳ ಮೇಲೆ ಗಿರಾಕಿಗೇ ವಾಪಸಾಗುತ್ತದೆ, ಮಾರುವವರ ಖಾತೆಗೆ ಎಂದೂ ಬರುವುದಿಲ್ಲ.

ಒಪ್ಪಿಗೆ ಸಿಕ್ಕ ವಹಿವಾಟುಗಳೆಲ್ಲ ಆಮೇಲೆ ಕಡತದಲ್ಲಿ ಸೇರಿ ಜಾಲದ ಕೇಂದ್ರಕ್ಕೆ ಹೋಗುತ್ತವೆ. ಒಂದೇ ದಿನ ಕೆನರಾ ಬ್ಯಾಂಕಿನ ಗಿರಾಕಿಗಳು ಇನ್ನೊಂದು ಬ್ಯಾಂಕಿನ ವ್ಯಾಪಾರಿಗಳಿಗೆ ಹಣ ಕೊಟ್ಟಿರುತ್ತಾರೆ, ಆ ಬ್ಯಾಂಕಿನ ಗಿರಾಕಿಗಳು ಕೆನರಾ ಬ್ಯಾಂಕಿನ ವ್ಯಾಪಾರಿಗಳಿಗೂ ಕೊಟ್ಟಿರುತ್ತಾರೆ. ಒಂದೊಂದನ್ನೂ ಬೇರೆ ಬೇರೆಯಾಗಿ ಸಾಗಿಸುವ ಬದಲು, ಕೊಡುವುದನ್ನು ಬರುವುದರಲ್ಲಿ ಕಳೆದು, ಉಳಿದ ಮೊತ್ತವನ್ನು ಮಾತ್ರ ಬ್ಯಾಂಕುಗಳು ಚುಕ್ತಾ ಮಾಡಿಕೊಳ್ಳುತ್ತವೆ. ಯುಪಿಐ ಕೂಡ ಒಳಗೊಳಗೆ ಹೀಗೆಯೇ ನಡೆಯುತ್ತದೆ. ಪರದೆಯ ಮೇಲೆ ಹಸಿರು ಟಿಕ್ ಬಂದಾಗ ಗಿರಾಕಿಯ ಖಾತೆಯಲ್ಲಿ ಹಣ ಕಳೆದಿರುತ್ತದೆ ನಿಜ. ಆದರೆ ಬ್ಯಾಂಕು ಬ್ಯಾಂಕುಗಳ ನಡುವಿನ ಲೆಕ್ಕವನ್ನು ರಾಷ್ಟ್ರೀಯ ಪಾವತಿ ನಿಗಮ ದಿನಕ್ಕೆ ಹಲವು ಸುತ್ತುಗಳಲ್ಲಿ ಒಟ್ಟಾಗಿ ತೀರಿಸುತ್ತದೆ, ಆ ಹಣ ಕೊನೆಗೆ ಕೈ ಬದಲಾಯಿಸುವುದು ರಿಸರ್ವ್ ಬ್ಯಾಂಕಿನಲ್ಲಿ ಬ್ಯಾಂಕುಗಳು ಇಟ್ಟಿರುವ ಖಾತೆಗಳಲ್ಲಿ.

ಅಲ್ಲಿಂದ ಹಣ ಬರುವುದು ಗೇಟ್‌ವೇ ಕಂಪನಿಯ ಹೆಸರಿನಲ್ಲಿ ಬ್ಯಾಂಕೊಂದರಲ್ಲಿರುವ ಎಸ್ಕ್ರೋ ಖಾತೆಗೆ. ನಾವು ರೂಢಿಯಲ್ಲಿ ಗೇಟ್‌ವೇ ಎನ್ನುವ ಕಂಪನಿಗಳಲ್ಲಿ ಹಣವನ್ನು ತಾವೇ ಪಡೆದು ವ್ಯಾಪಾರಿಗೆ ಬಟವಾಡೆ ಮಾಡುವವುಗಳನ್ನು ರಿಸರ್ವ್ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್ ಎಂದು ಕರೆಯುತ್ತದೆ. 2009ರ ನವೆಂಬರಿನ ನಿರ್ದೇಶನದಲ್ಲಿ ಇಂಥ ಮಧ್ಯವರ್ತಿಗಳು ವ್ಯಾಪಾರಿಗಳ ಹಣವನ್ನು ಪ್ರತ್ಯೇಕ ನೋಡಲ್ ಖಾತೆಯಲ್ಲಿ ಇಡಬೇಕು, ಗೊತ್ತಾದ ದಿನಗಳೊಳಗೆ ತಲುಪಿಸಬೇಕು ಎಂದಿತ್ತು. 2020ರ ಮಾರ್ಚಿನಲ್ಲಿ ಬಂದ ಮಾರ್ಗಸೂಚಿ ಇನ್ನೂ ಬಿಗಿಯಾಗಿತ್ತು: ಬ್ಯಾಂಕಲ್ಲದ ಕಂಪನಿ ಈ ವ್ಯವಹಾರ ಮಾಡಬೇಕಾದರೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು, ವಸೂಲಾದ ಹಣ ಎಸ್ಕ್ರೋ ಖಾತೆಯಲ್ಲಿಯೇ ಇರಬೇಕು, ಆ ಖಾತೆಯಿಂದ ಯಾವ ಯಾವ ಕಾರಣಕ್ಕೆ ಹಣ ತೆಗೆಯಬಹುದು ಎಂಬುದಕ್ಕೂ ಪಟ್ಟಿ ಇದೆ. ವ್ಯಾಪಾರಿಗೆ ಕೊಡುವುದು, ಗಿರಾಕಿಗೆ ಮರಳಿಸುವುದು, ಮೊದಲೇ ಒಪ್ಪಿಕೊಂಡ ದರದ ಶುಲ್ಕ ಹಿಡಿಯುವುದು ಅದರಲ್ಲಿ ಮುಖ್ಯವಾದವು. ಶುಕ್ರವಾರದಿಂದ ಭಾನುವಾರದವರೆಗೆ ಉಪ್ಪಿನಕಾಯಿಯ ಹಣ ಗೇಟ್‌ವೇಯ ಸ್ವಂತ ತಿಜೋರಿಯಲ್ಲಿ ಇರಲಿಲ್ಲ ಎಂಬ ಭರವಸೆ ಈ ನಿಯಮದಿಂದ ಬಂದದ್ದು. ಸಣ್ಣ ವ್ಯಾಪಾರಿಗಳ ಪಾಲಿಗೆ ಇದು ದೊಡ್ಡ ರಕ್ಷಣೆ ಎಂದೇ ನನ್ನ ಅಭಿಪ್ರಾಯ.

ಗೇಟ್‌ವೇಗಳ ಒಪ್ಪಂದದಲ್ಲಿ ಸಾಮಾನ್ಯವಾಗಿ ಕಾಣುವ ಗಡುವು T+2. T ಎಂದರೆ ಕ್ಯಾಪ್ಚರ್ ಆದ ದಿನ, ಅಲ್ಲಿಂದ ಮುಂದಿನ ಎರಡನೇ ಕೆಲಸದ ದಿನ ಹಣ ಬರಬೇಕು. ನಮ್ಮ ಉದಾಹರಣೆಯಲ್ಲಿ ಗುರುವಾರವೇ T. ಶುಕ್ರವಾರ ಮೊದಲ ಕೆಲಸದ ದಿನ. ಎರಡನೇ ಶನಿವಾರ ಮತ್ತು ಭಾನುವಾರ ಬ್ಯಾಂಕಿಗೆ ರಜೆಯಾದ್ದರಿಂದ ಎಣಿಕೆಗೆ ಬರುವುದಿಲ್ಲ. ಸೋಮವಾರ ಎರಡನೆಯ ದಿನ. ಹಣ ತಡವಾಗಿಲ್ಲ, ಹೇಳಿದ ದಿನಕ್ಕೇ ಬಂದಿದೆ. ನೆಫ್ಟ್ 2019ರ ಡಿಸೆಂಬರಿನಿಂದ ಹಗಲು ರಾತ್ರಿ, ವರ್ಷದ ಎಲ್ಲ ದಿನ ನಡೆಯುತ್ತಿದೆಯಲ್ಲ, ಮತ್ತೇಕೆ ರಜೆಯ ಮಾತು ಎಂದು ಕೇಳಬಹುದು. ಗೇಟ್‌ವೇಯಿಂದ ವ್ಯಾಪಾರಿಯ ಖಾತೆಗೆ ಕೊನೆಯ ಹೆಜ್ಜೆ ಎಂದು ಬೇಕಾದರೂ ನಡೆಯಬಹುದು. ತಡವಾಗುವುದು ಅದಕ್ಕಿಂತ ಹಿಂದಿನ ಹೆಜ್ಜೆಗಳಲ್ಲಿ, ಅಂದರೆ ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆಗಿ ಹಣ ಎಸ್ಕ್ರೋ ಖಾತೆಗೆ ಮುಟ್ಟುವಲ್ಲಿ. ಜೊತೆಗೆ ಆ ಒಂದೆರಡು ದಿನದಲ್ಲಿ ಮೋಸದ ವಹಿವಾಟು ಇದ್ದರೆ ಹಿಡಿಯಲು ಗೇಟ್‌ವೇಗೂ ಸಮಯ ಬೇಕು. ಆ ಕೂಡಲೇ ಹಣ ಕೊಡುವ ಸೌಲಭ್ಯವನ್ನೂ ಅನೇಕ ಗೇಟ್‌ವೇಗಳು ಇಟ್ಟಿವೆ, ಆದರೆ ಅದಕ್ಕೆ ಬೇರೆ ಶುಲ್ಕ. ಆ ಹಣವಿಲ್ಲದೆ ನಾಳೆಯ ಬೆಲ್ಲ, ಬಾಟಲಿ ಕೊಳ್ಳಲಾಗದು ಎಂಬ ಸ್ಥಿತಿ ಇದ್ದರೆ ಮಾತ್ರ ಅದನ್ನು ಬಳಸುವುದು ಲೇಸು.

ದಿನದ ಗಡಿಯನ್ನೂ ಗಮನಿಸಬೇಕು. ಗುರುವಾರ ರಾತ್ರಿ 11 ಗಂಟೆ 52 ನಿಮಿಷಕ್ಕೆ ಐದನೆಯ ಗಿರಾಕಿಯೊಬ್ಬರು ಆರ್ಡರ್ ಹಾಕಲು ಕುಳಿತರು ಎಂದುಕೊಳ್ಳಿ. ವಿಳಾಸ ಬರೆದು, ಒಟಿಪಿಗೆ ಕಾದು, ಪಾವತಿ ಮುಗಿಯುವ ಹೊತ್ತಿಗೆ 12 ದಾಟಿತು. ವೆಬ್‌ಸೈಟಿನ ಲೆಕ್ಕದಲ್ಲಿ ಆ ಆರ್ಡರ್ ಗುರುವಾರದ್ದು, ಗೇಟ್‌ವೇಯ ಲೆಕ್ಕದಲ್ಲಿ ಪಾವತಿ ಶುಕ್ರವಾರದ್ದು. ಅದರ ಹಣ ಮಂಗಳವಾರದ ಜಮೆಯಲ್ಲಿ ಸೇರಿ ಬರುತ್ತದೆ. ತಾರೀಖನ್ನು ನಂಬಿ ತಾಳೆ ನೋಡಲು ಹೊರಟವರಿಗೆ ತಿಂಗಳಿಗೊಮ್ಮೆಯಾದರೂ ಇಂಥ ಆರ್ಡರ್ ಎದುರಾಗಿ ಲೆಕ್ಕ ಕೆಡಿಸುತ್ತದೆ.

ಈಗ ಕಡಿತದ ವಿಚಾರ. ಶಿರಸಿ ಕಡೆಯ ಬೆಳೆಗಾರರಿಗೆ ಮಂಡಿಯ ಪಟ್ಟಿ ಗೊತ್ತು. ಅಡಿಕೆ ಎಷ್ಟಕ್ಕೆ ಹೋಯಿತು, ಅದರಲ್ಲಿ ಕಡಿತ ಎಷ್ಟು, ಕೈಗೆ ಎಷ್ಟು ಎಂದು ಸಾಲು ಸಾಲಾಗಿ ಬರೆದ ಚೀಟಿ ಹಣದ ಜೊತೆಗೇ ಬರುತ್ತದೆ. ಗೇಟ್‌ವೇ ಕೂಡ ಅಂಥದೇ ಪಟ್ಟಿ ಬರೆಯುತ್ತದೆ, ಆದರೆ ಹಣದ ಜೊತೆ ಕಳಿಸುವುದಿಲ್ಲ. ಬ್ಯಾಂಕಿಗೆ ಬರುವುದು ಎಲ್ಲ ಕಳೆದು ಉಳಿದ ಒಂದೇ ಅಂಕಿ. ಪಟ್ಟಿ ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ಸೆಟ್ಲ್‌ಮೆಂಟ್ ವರದಿ ಎಂಬ ಹೆಸರಿನಲ್ಲಿ ಕುಳಿತಿರುತ್ತದೆ, ನಾವೇ ಹೋಗಿ ಇಳಿಸಿಕೊಳ್ಳಬೇಕು.

ನಮ್ಮ ಉದಾಹರಣೆಯ ಒಪ್ಪಂದದಲ್ಲಿ ಎಲ್ಲ ಬಗೆಯ ಪಾವತಿಗೂ 2% ಶುಲ್ಕ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಎಂದು ಇಟ್ಟುಕೊಳ್ಳೋಣ. ಮೊದಲ ಆರ್ಡರ್ 1,250 ರೂಪಾಯಿ, ಯುಪಿಐ. ಶುಲ್ಕ 25 ರೂಪಾಯಿ, ಅದರ ಮೇಲಿನ ತೆರಿಗೆ 4 ರೂಪಾಯಿ 50 ಪೈಸೆ. ಉಳಿದದ್ದು 1,220.50. ಮೂರನೆಯದು 3,400 ರೂಪಾಯಿ, ಕ್ರೆಡಿಟ್ ಕಾರ್ಡ್. ಶುಲ್ಕ 68, ತೆರಿಗೆ 12.24, ಉಳಿದದ್ದು 3,319.76. ನಾಲ್ಕನೆಯದು 640, ಯುಪಿಐ. ಶುಲ್ಕ 12.80, ತೆರಿಗೆ 2.30, ಉಳಿದದ್ದು 624.90.

ಎರಡನೆಯದನ್ನು ಬೇಕೆಂದೇ ಹಿಂದಕ್ಕೆ ಇಟ್ಟೆ. ಅದು 1,800 ರೂಪಾಯಿ, ಕ್ರೆಡಿಟ್ ಕಾರ್ಡ್. ಶುಲ್ಕ 36 ರೂಪಾಯಿ, ತೆರಿಗೆ ಸೊನ್ನೆ. ಇದು ವರದಿಯ ತಪ್ಪಲ್ಲ. ಕ್ರೆಡಿಟ್ ಕಾರ್ಡ್, ಡೆಬಿಟ್ ಕಾರ್ಡ್ ಮುಂತಾದ ಕಾರ್ಡುಗಳಿಂದ ನಡೆದ 2,000 ರೂಪಾಯಿವರೆಗಿನ ಒಂದೊಂದು ವಹಿವಾಟಿನ ಚುಕ್ತಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಅಗ್ರಿಗೇಟರ್‌ಗಳಿಗೂ ಇದು ಅನ್ವಯಿಸುತ್ತದೆ ಎಂದು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರಿನ ಸಭೆಯಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಆ ಆರ್ಡರಿನಿಂದ ಬಂದದ್ದು 1,764 ರೂಪಾಯಿ. ಒಟ್ಟು ಮಾರಾಟದ ಮೇಲೆ ನೇರವಾಗಿ 2.36% ಕಳೆದು ನೋಡುವವರಿಗೆ ಲೆಕ್ಕ ಎಂದೂ ಕೂಡಿಬರದಿರುವುದಕ್ಕೆ ಇಂಥ ಸಾಲುಗಳೇ ಕಾರಣ. ಪೈಸೆಯ ಸರಿಹೊಂದಿಸುವಿಕೆಯೂ ಒಂದೊಂದು ವಹಿವಾಟಿಗೆ ಬೇರೆ ಬೇರೆಯಾಗಿ ಆಗುತ್ತದೆ. ನಾಲ್ಕು ಆರ್ಡರಿನಲ್ಲಿ ಅದು ಕಾಣದಿದ್ದರೂ ನಾನೂರು ಆರ್ಡರಿನಲ್ಲಿ ಕಾಣುತ್ತದೆ. ಶುಲ್ಕವನ್ನು ನಾವೇ ಶೇಕಡಾ ಹಾಕಿ ಊಹಿಸದೆ, ವರದಿಯ ಸಾಲುಗಳನ್ನೇ ಕೂಡಿಸಬೇಕು.

ಯುಪಿಐಗೆ ಶುಲ್ಕವೇ ಇಲ್ಲವಲ್ಲ ಎಂಬ ಪ್ರಶ್ನೆ ಇಲ್ಲಿ ಸಹಜ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ಬ್ಯಾಂಕುಗಳು ವ್ಯಾಪಾರಿಯಿಂದ ಹಿಡಿಯುವ ಎಂಡಿಆರ್ ಸೊನ್ನೆ. ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಬಂದ ಹಣ ಪೂರ್ತಿ ಸಿಗುವುದು ಇದರಿಂದಲೇ. ಗೇಟ್‌ವೇ ಮೂಲಕ ಬಂದ ಯುಪಿಐ ಪಾವತಿಗೆ ಕೆಲವು ಕಂಪನಿಗಳು ಏನೂ ಹಿಡಿಯುವುದಿಲ್ಲ. ಇನ್ನು ಕೆಲವು ತಮ್ಮ ವ್ಯವಸ್ಥೆಯ ಬಳಕೆಗೆಂದು ತಮ್ಮದೇ ಶುಲ್ಕ ಹಾಕುತ್ತವೆ. ಅದು ಎಂಡಿಆರ್ ಅಲ್ಲ, ಗೇಟ್‌ವೇಯ ಸೇವಾ ಶುಲ್ಕ. ಸಣ್ಣ ವ್ಯಾಪಾರಿಯ ಆರ್ಡರುಗಳಲ್ಲಿ ಹೆಚ್ಚಿನವು ಯುಪಿಐ ಮೂಲಕವೇ ಬರುತ್ತಿದ್ದರೆ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಎರಡನೆಯ ಪ್ರಶ್ನೆ, ಶೇಕಡಾವಾರಿನ ಜೊತೆಗೆ ಪ್ರತಿ ವಹಿವಾಟಿಗೆ ಇಂತಿಷ್ಟು ರೂಪಾಯಿ ಎಂದು ಬೇರೆ ಇದೆಯೇ ಎಂಬುದು. 2% ಜೊತೆಗೆ 3 ರೂಪಾಯಿ ಎಂದರೆ ಸಣ್ಣದಾಗಿ ಕೇಳಿಸುತ್ತದೆ. 150 ರೂಪಾಯಿಯ ಉಪ್ಪಿನಕಾಯಿ ಪೊಟ್ಟಣಕ್ಕೆ ಅದು 6 ರೂಪಾಯಿ, ಅಂದರೆ 4%.

ನಾಲ್ಕೂ ಸಾಲು ಕೂಡಿಸಿದರೆ ಶುಲ್ಕ 141.80, ತೆರಿಗೆ 19.04, ಒಟ್ಟು ಕಡಿತ 160.84. 7,090ರಲ್ಲಿ ಅದನ್ನು ಕಳೆದರೆ 6,929.16. ಬ್ಯಾಂಕಿಗೆ ಬಂದದ್ದು 6,029.16. ಇನ್ನೂ ಸರಿಯಾಗಿ 900 ರೂಪಾಯಿ ಕಡಿಮೆ.

ಆ 900 ಗುರುವಾರದ್ದೇ ಅಲ್ಲ. ಹಿಂದಿನ ವಾರ ಹುಬ್ಬಳ್ಳಿಯ ಗಿರಾಕಿಯೊಬ್ಬರಿಗೆ ಕಳಿಸಿದ ಭರಣಿ ದಾರಿಯಲ್ಲಿ ಒಡೆದಿತ್ತು. ಅವರಿಗೆ ಹಣ ವಾಪಸ್ ಮಾಡಲು ಮಾರುವವರು ಶುಕ್ರವಾರ ಗೇಟ್‌ವೇಯಲ್ಲಿ ರೀಫಂಡ್ ಒತ್ತಿದ್ದರು. ರೀಫಂಡಿನ ಹಣ ಸಾಮಾನ್ಯವಾಗಿ ಮಾರುವವರ ಬ್ಯಾಂಕ್ ಖಾತೆಯಿಂದ ಹೋಗುವುದಿಲ್ಲ, ಮುಂದೆ ಬರಬೇಕಾದ ಹಣದಲ್ಲಿ ಕಳೆದುಹೋಗುತ್ತದೆ. ಹೀಗಾಗಿ ಹಳೆಯ ಆರ್ಡರಿನ ರೀಫಂಡು ಹೊಸ ಆರ್ಡರುಗಳ ಜಮೆಯನ್ನು ತಗ್ಗಿಸುತ್ತದೆ. ಮೊದಲು ಆ 900 ಯುಪಿಐಯಲ್ಲಿ ಬಂದಾಗ ಹಿಡಿದಿದ್ದ 18 ರೂಪಾಯಿ ಶುಲ್ಕ, 3.24 ತೆರಿಗೆಯನ್ನು ಗೇಟ್‌ವೇಗಳು ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ. ಗಿರಾಕಿಗೆ ಪೂರ್ತಿ 900 ಕೊಡಬೇಕು, ಬಂದದ್ದು 878.76 ಮಾತ್ರ. ಒಡೆದ ಭರಣಿ, ಕೊರಿಯರ್ ಖರ್ಚು ಬಿಟ್ಟು, ಈ 21 ರೂಪಾಯಿ 24 ಪೈಸೆಯೂ ನಷ್ಟವೇ. ಒಂದು ದಿನದ ರೀಫಂಡುಗಳು ಆ ದಿನದ ವಸೂಲಿಗಿಂತ ಹೆಚ್ಚಾದರೆ ಜಮೆಯೇ ಬರುವುದಿಲ್ಲ, ಬಾಕಿ ಮುಂದಿನ ದಿನಕ್ಕೆ ಹೋಗುತ್ತದೆ. ‘ಮೂರು ಆರ್ಡರ್ ಇದ್ದವು, ಬ್ಯಾಂಕಿಗೆ ಏನೂ ಬಂದಿಲ್ಲ’ ಎಂದು ಗಾಬರಿಯಾಗುವ ಮುನ್ನ ಆ ವಾರ ಯಾವ ರೀಫಂಡು ಮಾಡಿದ್ದೇವೆ ಎಂದು ನೋಡಬೇಕು.

ಅಲ್ಲಿಗೆ 160.84 ಮತ್ತು 900 ಸೇರಿ 1,060.84 ಸಿಕ್ಕಿತು. ನಾಲ್ಕು ಆರ್ಡರಿಗೆ ಕಾಗದ ಪೆನ್ಸಿಲಿನಲ್ಲಿ ಇಷ್ಟನ್ನು ಮಾಡಬಹುದು. ದಿನಕ್ಕೆ ಮೂವತ್ತು ಆರ್ಡರ್ ಬರುವಲ್ಲಿ ಇದನ್ನು ಕ್ರಮವಾಗಿ ಮಾಡಲು ಒಂದು ದಾರಿ ಬೇಕು, ಆ ದಾರಿ ಮೊತ್ತಗಳನ್ನು ಹೋಲಿಸುವುದಲ್ಲ. ಒಂದೇ ಬೆಲೆಯ ಭರಣಿ ಒಂದೇ ದಿನ ಹತ್ತು ಜನ ಕೊಳ್ಳುತ್ತಾರೆ, ಮೊತ್ತ ಯಾರನ್ನೂ ಗುರುತಿಸುವುದಿಲ್ಲ. ತಾರೀಖೂ ಆಗದು ಎಂದು ಆಗಲೇ ನೋಡಿದೆವು. ಉಳಿದದ್ದು ಸಂಖ್ಯೆಗಳು.

ಇಲ್ಲಿ ಮೂರು ಪುಸ್ತಕಗಳಿವೆ. ಒಂದು ಅಂಗಡಿಯ ಆರ್ಡರ್ ಪಟ್ಟಿ, ಇನ್ನೊಂದು ಗೇಟ್‌ವೇಯ ವರದಿ, ಮತ್ತೊಂದು ಬ್ಯಾಂಕ್ ಸ್ಟೇಟ್‌ಮೆಂಟು. ಆರ್ಡರ್ ಪಟ್ಟಿಗೂ ಬ್ಯಾಂಕಿಗೂ ನೇರ ಸಂಬಂಧವೇ ಇಲ್ಲ. ಬ್ಯಾಂಕಿನ ಸಾಲಿನಲ್ಲಿ ಗಿರಾಕಿಯ ಹೆಸರಿಲ್ಲ, ಆರ್ಡರ್ ಸಂಖ್ಯೆಯಿಲ್ಲ. ಇರುವುದು ಮೊತ್ತ ಮತ್ತು ಯುಟಿಆರ್ ಎಂಬ ಸಂಖ್ಯೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಪ್ರತಿ ವರ್ಗಾವಣೆಗೂ ಅದರದೇ ಆದ ಯುಟಿಆರ್ ಇರುತ್ತದೆ. ಗೇಟ್‌ವೇ ವರದಿಯೊಂದೇ ಎರಡೂ ಕಡೆಯನ್ನು ಬಲ್ಲದ್ದು. ಅದರ ಪ್ರತಿ ಸಾಲಿನಲ್ಲಿ ಒಂದು ತುದಿಗೆ ಆರ್ಡರಿನ ಗುರುತು, ಇನ್ನೊಂದು ತುದಿಗೆ ಆ ಹಣ ಯಾವ ಯುಟಿಆರ್ ಅಡಿಯಲ್ಲಿ ಹೋಯಿತು ಎಂಬ ಗುರುತು ಇರುತ್ತದೆ. ತಾಳೆಯ ಕೆಲಸವೆಲ್ಲ ಈ ಮಧ್ಯದ ಪುಸ್ತಕದಲ್ಲಿ ನಡೆಯಬೇಕು.

ಉದಾಹರಣೆಗೆ ರೇಜರ್‌ಪೇ ವರದಿಯನ್ನೇ ತೆಗೆದುಕೊಂಡರೆ, ಪ್ರತಿ ಸಾಲಿನಲ್ಲಿ `type` ಎಂಬ ಕಾಲಂ ಅದು ಪಾವತಿಯೋ ರೀಫಂಡೋ ಎಂದು ಹೇಳುತ್ತದೆ. `credit` ಶುಲ್ಕ ಕಳೆದು ನಮಗೆ ಬರುವ ಮೊತ್ತ, `debit` ನಮ್ಮಿಂದ ಕಳೆದದ್ದು. `settlement_utr` ಬ್ಯಾಂಕಿನ ಸಾಲಿಗೆ ಕೊಂಡಿ, `order_receipt` ನಮ್ಮ ವೆಬ್‌ಸೈಟ್ ಕೊಟ್ಟ ಆರ್ಡರ್ ಸಂಖ್ಯೆ. ಈ ಕೊನೆಯದು ತಾನಾಗಿ ತುಂಬಿಕೊಳ್ಳುವುದಿಲ್ಲ. ವೆಬ್‌ಸೈಟ್ ಪಾವತಿ ಕೇಳುವಾಗಲೇ ನಮ್ಮ ಆರ್ಡರ್ ಸಂಖ್ಯೆಯನ್ನು ಗೇಟ್‌ವೇಗೆ ಕಳಿಸಬೇಕು. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಇದೊಂದನ್ನು ಹೇಳಿ ಮಾಡಿಸಿಕೊಂಡರೆ ಮುಂದಿನ ಅರ್ಧ ಕಷ್ಟ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಆ ವರದಿಯಲ್ಲಿ `fee` ಎಂಬ ಅಂಕಿಯಲ್ಲಿ ತೆರಿಗೆಯೂ ಸೇರಿದೆ, `tax` ಅದರೊಳಗಿನ ಭಾಗ. ಎರಡನ್ನೂ ಬೇರೆ ಬೇರೆಯಾಗಿ ಕಳೆದರೆ ತೆರಿಗೆ ಎರಡು ಸಲ ಹೋಗುತ್ತದೆ. ಗುರುವಾರದ ಲೆಕ್ಕದಲ್ಲಿ ಆಗ ಸರಿಯಾಗಿ 19 ರೂಪಾಯಿ 4 ಪೈಸೆ ತಪ್ಪುತ್ತದೆ. ತಾಳೆಯಾಗದ ಮೊತ್ತ ತೆರಿಗೆಯ ಮೊತ್ತಕ್ಕೆ ಸಮನಾಗಿದ್ದರೆ ತಪ್ಪು ಇಲ್ಲೇ ಎಂದು ತಿಳಿಯಿರಿ.

ವರದಿಯನ್ನು ಎಕ್ಸೆಲ್ ಅಥವಾ ಗೂಗಲ್ ಶೀಟಿಗೆ ಹಾಕಿ, C ಕಾಲಂನಲ್ಲಿ `debit`, D ಕಾಲಂನಲ್ಲಿ `credit`, H ಕಾಲಂನಲ್ಲಿ ಯುಟಿಆರ್ ಇರುವಂತೆ ಮಾಡಿಕೊಳ್ಳಿ. ಅದೇ ಹಾಳೆಯ K ಕಾಲಂನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟಿನ ಯುಟಿಆರ್, L ಕಾಲಂನಲ್ಲಿ ಬ್ಯಾಂಕಿಗೆ ಬಂದ ಮೊತ್ತ ಬರೆದು, M2ರಲ್ಲಿ ಈ ಸೂತ್ರ ಹಾಕಿ:

```
=ROUND(SUMIFS(D:D,H:H,K2)-SUMIFS(C:C,H:H,K2)-L2,2)
```

ಒಂದು ಯುಟಿಆರ್ ಅಡಿಯಲ್ಲಿ ಬಂದದ್ದನ್ನೆಲ್ಲ ಕೂಡಿ, ಕಳೆದದ್ದನ್ನೆಲ್ಲ ಕಳೆದು, ಬ್ಯಾಂಕಿನ ಮೊತ್ತವನ್ನೂ ಕಳೆದರೆ ಸೊನ್ನೆ ಬರಬೇಕು. ನಮ್ಮ ಸೋಮವಾರಕ್ಕೆ 6,929.16ರಿಂದ 900, ಅದರಿಂದ 6,029.16 ಕಳೆದರೆ ಸೊನ್ನೆ. ಒಂದು ಪೈಸೆ ಉಳಿದರೂ ಹುಡುಕಬೇಕು, ಏಕೆಂದರೆ ಈ ಮಟ್ಟದಲ್ಲಿ ಅಂದಾಜಿಗೆ ಜಾಗವಿಲ್ಲ. ಕ್ಯಾಶ್ ಆನ್ ಡೆಲಿವರಿ ಆರ್ಡರುಗಳ ಹಣ ಕೊರಿಯರ್ ಕಂಪನಿಯಿಂದ ಬೇರೆ ಜಮೆಯಾಗಿ ಬರುತ್ತದೆ. ಅದನ್ನು ಈ ಹಾಳೆಗೆ ತರಬಾರದು.

ಬ್ಯಾಂಕಿನ ಕಡೆ ಸೊನ್ನೆ ಬಂದಮೇಲೆ ಆರ್ಡರಿನ ಕಡೆ ನೋಡಬೇಕು. ನಿಜವಾದ ತೊಂದರೆಗಳು ಸಿಗುವುದು ಇಲ್ಲಿಯೇ. ಗೇಟ್‌ವೇ ವರದಿಯಲ್ಲಿ ಪಾವತಿ ಇದೆ, ಅಂಗಡಿಯ ಪಟ್ಟಿಯಲ್ಲಿ ಆ ಆರ್ಡರ್ ‘ಪಾವತಿ ಬಾಕಿ’ ಎಂದೇ ಇದೆ ಎಂದಾದರೆ, ಗಿರಾಕಿ ಹಣ ಕೊಟ್ಟ ಬಳಿಕ ವೆಬ್‌ಸೈಟಿಗೆ ಸುದ್ದಿ ಮುಟ್ಟಿಲ್ಲ ಎಂದು ಅರ್ಥ. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು, ಗಿರಾಕಿ ಯುಪಿಐ ಆ್ಯಪಿನಿಂದ ವೆಬ್‌ಸೈಟಿಗೆ ಮರಳಿ ಬರದೆ ಹೋದಾಗ ಹೀಗಾಗುತ್ತದೆ. ಆ ಗಿರಾಕಿ ಗಾಬರಿಯಿಂದ ಮತ್ತೊಮ್ಮೆ ಪಾವತಿಸಿದ್ದರೆ ಒಂದೇ ಆರ್ಡರಿಗೆ ಎರಡು ಪಾವತಿ ಕಾಣುತ್ತವೆ. ಎರಡನೆಯದನ್ನು ಅವರು ಕೇಳುವ ಮೊದಲೇ ಮರಳಿಸುವುದು ಮರ್ಯಾದೆ. ಇದರ ಇನ್ನೊಂದು ರೂಪದಲ್ಲಿ ಹಣ ಗಿರಾಕಿಯ ಖಾತೆಯಿಂದ ಹೋಗಿರುತ್ತದೆ, ಗೇಟ್‌ವೇ ವರದಿಯಲ್ಲಿ ಯಶಸ್ವಿ ಪಾವತಿಯೇ ಇರುವುದಿಲ್ಲ. ಆ ಹಣ ನಮ್ಮ ಬಳಿ ಬಂದೇ ಇಲ್ಲ, ನಾವು ರೀಫಂಡ್ ಮಾಡುವ ಹಾಗೂ ಇಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಇಂಥ ಹಣವನ್ನು ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ಗಿರಾಕಿಗೆ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಸಾಮಾನು ಕಳಿಸುವ ಬದಲು ಈ ಸುತ್ತೋಲೆಯ ವಿಷಯ ಅವರಿಗೆ ತಿಳಿಸಬೇಕು.

ವರದಿಯಲ್ಲಿ ಸೆಟ್ಲ್ ಆಗಿದೆ ಎಂದಿದ್ದು ಬ್ಯಾಂಕಿನಲ್ಲಿ ಇಲ್ಲದಿದ್ದರೆ ಮೊದಲು ಖಾತೆಯ ವಿವರ ನೋಡಿ. ಕರ್ನಾಟಕದಲ್ಲಿ ಇದು ನಿಜವಾಗಿಯೂ ಕಾಡಿದ ವಿಚಾರ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು, ಅದರ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಇಂಥ ಬದಲಾವಣೆ ಆದಾಗ ಗೇಟ್‌ವೇಯಲ್ಲಿ ಹಳೆಯ ಸಂಕೇತವನ್ನೇ ಬಿಟ್ಟಿದ್ದರೆ ಕಳಿಸಿದ ಹಣ ಎಸ್ಕ್ರೋ ಖಾತೆಗೇ ತಿರುಗಿಹೋಗುತ್ತದೆ. ಹಣ ಕಳೆದಿರುವುದಿಲ್ಲ, ವಿವರ ತಿದ್ದಿದ ಮೇಲೆ ಮತ್ತೆ ಬರುತ್ತದೆ, ಆದರೆ ಬೇರೊಂದು ಯುಟಿಆರ್ ಅಡಿಯಲ್ಲಿ.

ಎಲ್ಲಕ್ಕಿಂತ ಗಲಿಬಿಲಿ ಮಾಡುವುದು ಚಾರ್ಜ್‌ಬ್ಯಾಕ್. ಗಿರಾಕಿ ತನ್ನ ಕಾರ್ಡ್ ಕೊಟ್ಟ ಬ್ಯಾಂಕಿಗೆ ‘ಈ ವಹಿವಾಟು ನನ್ನದಲ್ಲ’ ಅಥವಾ ‘ಸಾಮಾನು ಬರಲಿಲ್ಲ’ ಎಂದು ದೂರು ಕೊಟ್ಟರೆ, ಎಂದೋ ಚುಕ್ತಾ ಆಗಿದ್ದ ಹಣವನ್ನು ಇಂದಿನ ಜಮೆಯಿಂದ ಹಿಡಿಯುತ್ತಾರೆ. ಅದು ತಿಂಗಳುಗಳ ಹಿಂದಿನ ಆರ್ಡರಿನದೂ ಆಗಿರಬಹುದು. ಗೇಟ್‌ವೇ ಕೊಡುವ ಗಡುವಿನೊಳಗೆ ಬಿಲ್ಲು, ಕೊರಿಯರಿನ ತಲುಪಿದ ದಾಖಲೆ, ಗಿರಾಕಿಯೊಂದಿಗಿನ ಸಂದೇಶ ಒದಗಿಸಿದರೆ ಹಣ ಮರಳಿ ಸಿಗುವ ಸಾಧ್ಯತೆ ಇದೆ. ಗಡುವು ಮೀರಿದರೆ ವಾದ ಮಾಡಲು ಅವಕಾಶವೇ ಉಳಿಯುವುದಿಲ್ಲ. ಬಂದಷ್ಟನ್ನೇ ಮಾರಾಟ ಎಂದು ಬರೆಯುವವರಿಗೆ ಇಂಥ ಕಡಿತ ಆಗಿದೆಯೆಂದು ಗೊತ್ತಾಗುವುದೇ ಇಲ್ಲ. ತಾಳೆ ನೋಡುವುದರಿಂದ ನೇರವಾಗಿ ಹಣ ಉಳಿಯುವ ಜಾಗ ಇದು.

ಬಂದಷ್ಟನ್ನೇ ಬರೆಯುವುದರಿಂದ ಇನ್ನೊಂದು ತೊಡಕೂ ಇದೆ. ಮಾರಾಟ ಎಂದರೆ ಗಿರಾಕಿ ಕೊಟ್ಟ 7,090, ಬ್ಯಾಂಕಿಗೆ ಬಂದ 6,029.16 ಅಲ್ಲ. ಲೆಕ್ಕದ ಪುಸ್ತಕದಲ್ಲಿ ಗೇಟ್‌ವೇ ಹೆಸರಿನಲ್ಲಿ ಒಂದು ಖಾತೆ ತೆರೆದು, ಆರ್ಡರ್ ಪಾವತಿಯಾದ ದಿನವೇ 7,090 ಅದರಿಂದ ಬರಬೇಕೆಂದು ಬರೆಯಬೇಕು. ರೀಫಂಡಿನ 900, ಶುಲ್ಕದ 141.80, ತೆರಿಗೆಯ 19.04, ಬ್ಯಾಂಕಿಗೆ ಬಂದ 6,029.16 ಒಂದೊಂದಾಗಿ ಕಳೆದಾಗ ಆ ಖಾತೆ ಬರಿದಾಗುತ್ತದೆ. ಶುಲ್ಕ ವ್ಯಾಪಾರದ ಖರ್ಚು. ತೆರಿಗೆಯ 19.04ನ್ನು ಜಿಎಸ್‌ಟಿ ನೋಂದಣಿ ಇದ್ದವರು ಗೇಟ್‌ವೇ ತಿಂಗಳಿಗೊಮ್ಮೆ ಕೊಡುವ ಬಿಲ್ಲಿನ ಆಧಾರದಲ್ಲಿ ತಾವು ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಳ್ಳಬಹುದು. ನೋಂದಣಿ ಇಲ್ಲದವರಿಗೂ, ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ ಅದು ಖರ್ಚೇ. ತಿಂಗಳ ಕೊನೆಗೆ ಈ ಗೇಟ್‌ವೇ ಖಾತೆಯಲ್ಲಿ ಉಳಿಯಬೇಕಾದದ್ದು ಕೊನೆಯ ಒಂದೆರಡು ದಿನದ ಇನ್ನೂ ಬರಬೇಕಾದ ಹಣ ಮಾತ್ರ. ಅದಕ್ಕಿಂತ ಹೆಚ್ಚು ಉಳಿದಿದ್ದರೆ ಎಲ್ಲೋ ಒಂದು ಜಮೆ ತಪ್ಪಿದೆ. ಮಾರ್ಚ್ 31ರಂದು ಬಂದ ಆರ್ಡರಿನ ಹಣ ಏಪ್ರಿಲಿನಲ್ಲಿ ಕೈಸೇರಿದರೂ ಮಾರಾಟ ಮಾರ್ಚಿನದೇ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿ ಇಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಎಂಬ ನೋಂದಣಿಯ ಗಡಿ ಆಗ ಎಲ್ಲರ ಬಾಯಲ್ಲಿತ್ತು. ಇಂಥ ಮಾಹಿತಿಯಲ್ಲಿ ಕಾಣುವುದು ಗಿರಾಕಿಗಳು ಕೊಟ್ಟ ಪೂರ್ತಿ ಮೊತ್ತ. ಅದರಲ್ಲಿ ಆಮೇಲೆ ಮರಳಿಸಿದ 900 ಕೂಡ ಸೇರಿರುತ್ತದೆ. ಅದು ಮಾರಾಟವಾಗಿ ಉಳಿಯಲಿಲ್ಲ ಎಂದು ತೋರಿಸಬೇಕಾದವರು ವ್ಯಾಪಾರಿಯೇ, ಅದಕ್ಕೆ ಆಧಾರ ಗೇಟ್‌ವೇ ವರದಿಯ ರೀಫಂಡ್ ಸಾಲು.

ಆದ್ದರಿಂದ ಈ ವರದಿಯನ್ನು ಪ್ರತಿ ತಿಂಗಳ ಮೊದಲ ವಾರದಲ್ಲಿ ಇಳಿಸಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಕಡಿಮೆ ಶುಲ್ಕದ ಆಸೆಗೆ ಬೇರೆ ಗೇಟ್‌ವೇಗೆ ಹೋಗುವವರಂತೂ ಹಳೆಯ ಖಾತೆ ಮುಚ್ಚುವ ಮೊದಲು ಆರಂಭದ ದಿನದಿಂದ ಕೊನೆಯ ದಿನದವರೆಗಿನ ಎಲ್ಲ ವರದಿ, ಎಲ್ಲ ತೆರಿಗೆ ಬಿಲ್ಲು ತೆಗೆದಿಟ್ಟುಕೊಳ್ಳಬೇಕು. ಖಾತೆ ಮುಚ್ಚಿದ ಮೇಲೆ ಡ್ಯಾಶ್‌ಬೋರ್ಡ್ ತೆರೆಯುವುದಿಲ್ಲ, ಆದರೆ ಹಳೆಯ ಆರ್ಡರಿನ ಚಾರ್ಜ್‌ಬ್ಯಾಕ್ ಅದಾದ ಮೇಲೂ ಬರಬಹುದು.